ಅವನದೊಂದು ಗಡಿಯಾರ, ನನ್ನದಿನ್ನೊಂದು

ನಾವು ಪ್ಲಾಟ್‌ಫಾರ್ಮ್ ಮುಟ್ಟುವಾಗ ರೈಲು ಹೊರಟಾಗಿತ್ತು. ಬೆಂಗಳೂರಿಂದ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ಅದು. ಕೊನೆಯ ಬೋಗಿಯ ಹಿಂದಿನ ಕೆಂಪು ದೀಪ ಮಾತ್ರ ಕಾಣ್ತಿತ್ತು. ನನ್ನ ಗಂಡ ಚೀಲ ಕೆಳಗಿಟ್ಟು ಆ ದೀಪವನ್ನೇ ನೋಡ್ತಾ ನಿಂತ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಯಾಕಂದ್ರೆ ಮರುದಿನ ಬೆಳಗ್ಗೆ ಸಾಗರದ ಹತ್ತಿರದ ಅವರ ಊರಲ್ಲಿ ನಮ್ಮ ಮಾವನ ವರ್ಷಾಂತಿಕ. ಇವನು ಒಬ್ಬನೇ ಮಗ.

ಮೆಜೆಸ್ಟಿಕ್ಕಿನಲ್ಲೇ ಟ್ಯಾಕ್ಸಿ ಹಿಡಿದೆವು. ರಾತ್ರಿಯಿಡೀ ಪ್ರಯಾಣ. ತುಮಕೂರು ದಾಟಿದ ಮೇಲೆ ಒಂದೇ ಒಂದು ಮಾತಾಡಿದ: “ನಿಂಗೆ ನಮ್ಮಪ್ಪನ ತಿಥಿಗಿಂತ ಫ್ರಿಜ್ ಕ್ಲೀನ್ ಮಾಡೋದು ಮುಖ್ಯ ಆಯ್ತಲ್ಲ.” ಬೆಳಗ್ಗೆ ಎಂಟಕ್ಕೆ ಮನೆ ಮುಟ್ಟಿದಾಗ ಪುರೋಹಿತರು ಬಂದು ಜಗುಲಿಯಲ್ಲಿ ಕೂತಿದ್ದರು. ಅತ್ತೆ ಏನೂ ಕೇಳಲಿಲ್ಲ. “ಬೇಗ ಸ್ನಾನ ಮಾಡ್ಕೊಳ್ಳಿ” ಅಂದರು, ಅಷ್ಟೆ. ಕಾರ್ಯ ನಡೆಯಿತು. ಆದರೆ ಬೆಂಗಳೂರಿಗೆ ವಾಪಸ್ ಬಂದ ಮೇಲೆ ಮೂರು ವಾರ ನಮ್ಮ ಮನೆಯಲ್ಲಿ “ಊಟ ಆಯ್ತಾ”, “ಗ್ಯಾಸ್ ಬುಕ್ ಮಾಡಿದ್ಯಾ” ಬಿಟ್ಟರೆ ಬೇರೆ ಮಾತಿರಲಿಲ್ಲ.

ನಮ್ಮದು ಪ್ರೀತಿಸಿ ಆದ ಮದುವೆ. ಆಗ ನಾಲ್ಕು ವರ್ಷ ಆಗಿತ್ತು. ಆ ನಾಲ್ಕು ವರ್ಷದಲ್ಲಿ ಈ ಒಂದು ವಿಷಯಕ್ಕೆ ನಾವು ಎಷ್ಟು ಸಲ ಜಗಳ ಆಡಿದ್ದೆವೋ ಲೆಕ್ಕ ಇಲ್ಲ. ಅವನಿಗೆ ಎಲ್ಲಿಗೆ ಹೋಗಬೇಕಾದರೂ ಒಂದು ಗಂಟೆ ಮೊದಲೇ ಅಲ್ಲಿರಬೇಕು. ನನಗೆ ಸರಿಯಾದ ಹೊತ್ತಿಗೆ ತಲುಪಿದರೆ ಸಾಕು, ಐದು ನಿಮಿಷ ಆಚೀಚೆ ಆದರೆ ಪ್ರಪಂಚ ಮುಳುಗಲ್ಲ. ‘ನೀನು ಯಾವಾಗಲೂ ಲೇಟು’ ಅಂತ ಅವನು, ‘ನೀನು ಯಾವಾಗಲೂ ತಲೆ ತಿನ್ನೋದು’ ಅಂತ ನಾನು. ಮೂರು ವಾರದ ಮೌನದಲ್ಲಿ ಇಬ್ಬರ ತಲೆಯಲ್ಲೂ ಒಂದೇ ಪ್ರಶ್ನೆ ಓಡ್ತಿತ್ತು ಅಂತ ಆಮೇಲೆ ಗೊತ್ತಾಯ್ತು: ನಾವು ತಪ್ಪು ಜನರನ್ನ ಆರಿಸಿಕೊಂಡ್ವಾ?

ನನ್ನ ಅಕ್ಕನ ಒತ್ತಾಯಕ್ಕೆ ಒಬ್ಬರು ಕೌನ್ಸೆಲರ್ ಹತ್ತಿರ ಹೋದೆವು. ನಮ್ಮಮ್ಮನ ವಯಸ್ಸಿನವರು. ನಾನು ಅಂದುಕೊಂಡಿದ್ದೆ, ಅವರು ಇಬ್ಬರಲ್ಲಿ ಯಾರದ್ದು ತಪ್ಪು ಅಂತ ಹೇಳ್ತಾರೆ, ಇಲ್ಲಾಂದ್ರೆ ಹೊಂದಿಕೊಂಡು ಹೋಗ್ರಮ್ಮಾ ಅಂತಾರೆ. ಎರಡೂ ಮಾಡಲಿಲ್ಲ. ಆ ರಾತ್ರಿ ಏನೇನಾಯ್ತು ಅಂತ ಗಂಟೆಗಂಟೆಯ ಲೆಕ್ಕ ಕೇಳಿದರು.

ಹೇಳಿದೆವು. ಅವನು ಎಂಟೂವರೆಗೆ ರೆಡಿ. ಒಂಬತ್ತಕ್ಕೆಲ್ಲ ಮನೆ ಬಿಡೋಣ ಅಂತ ಅವನ ಲೆಕ್ಕ. ಬನಶಂಕರಿಯಿಂದ ಮೆಜೆಸ್ಟಿಕ್ಕಿಗೆ ಒಂಬತ್ತೂಮುಕ್ಕಾಲಿಗೆ ಹೊರಟರೂ ಸಾಕು ಅಂತ ನನ್ನದು. ಕೊನೆಗೆ ನಾವು ಹೊರಟಿದ್ದು ಹತ್ತೂ ಐದಕ್ಕೆ. ಚೀಲ ಜಾಸ್ತಿ ಇದೆ ಅಂತ ಮೆಟ್ರೊ ಬಿಟ್ಟು ಕ್ಯಾಬ್ ಮಾಡಿದೆವು, ಮಳೆ ಬಂತು, ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡೆವು.

“ಎಂಟೂವರೆಯಿಂದ ಹತ್ತೂ ಐದರ ತನಕ ನೀವೇನು ಮಾಡ್ತಿದ್ರಿ?” ಅಂತ ಅವರು ಇವನನ್ನ ಕೇಳಿದರು.

“ಬಾಗಿಲ ಹತ್ತಿರ ನಿಂತಿದ್ದೆ ಮೇಡಂ. ಕೀ ಹಿಡ್ಕೊಂಡು.”

“ಇವರು?”

ನಾನು ಬೆರಳು ಮಡಚಿ ಎಣಿಸಿದೆ. ಫ್ರಿಜ್‌ನಲ್ಲಿದ್ದ ಹಾಲು, ಸಾರು ಖಾಲಿ ಮಾಡಿದ್ದು, ಪಾತ್ರೆ ತೊಳೆದದ್ದು, ಕಾರ್ಯಕ್ಕೆ ಉಡೋ ಸೀರೆ, ಅವನ ಪಂಚೆ ಹುಡುಕಿದ್ದು, ಅತ್ತೆಯ ಬಿಪಿ ಮಾತ್ರೆ ಪ್ಯಾಕ್ ಮಾಡಿದ್ದು, ಗಿಡಕ್ಕೆ ನೀರು, ಪಕ್ಕದ ಮನೆಗೆ ಕೀ ಕೊಟ್ಟದ್ದು, ಕಸ ಹೊರಗಿಟ್ಟದ್ದು, ಗ್ಯಾಸ್ ಆಫ್. ಹೇಳ್ತಾ ಹೇಳ್ತಾ ನನಗೇ ಅಳು ಬಂತು. ಇವನು ಸುಮ್ಮನೆ ಕೂತಿದ್ದ. ಆ ಕೆಲಸಗಳೆಲ್ಲ ಇವೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಅವನ ಪ್ರಕಾರ ‘ರೆಡಿ’ ಅಂದ್ರೆ ತಾನು ಪ್ಯಾಂಟ್ ಹಾಕಿಕೊಂಡು, ತನ್ನ ಬ್ಯಾಗ್ ಜಿಪ್ ಎಳೆಯೋದು.

ಕೌನ್ಸೆಲರ್ ಹೇಳಿದ್ದು ಇಷ್ಟೇ: “ನಿಮ್ಮ ಹತ್ತಿರ ಎರಡು ಜಗಳ ಇವೆ. ಎರಡಕ್ಕೂ ಒಂದೇ ಹೆಸರು ಇಟ್ಟಿದ್ದೀರಿ. ಮೊದಲು ಕೆಲಸದ ಜಗಳ ತೆಗೀರಿ. ಆಮೇಲೆ ಏನು ಉಳಿಯುತ್ತೆ ನೋಡೋಣ.”

ಮನೆಗೆ ಬಂದು ಮೊದಲು ಆಫೀಸ್ ದಿನದ ಬೆಳಗನ್ನ ಬರೆದೆವು, ಯಾಕಂದ್ರೆ ದಿನಾ ಜಗಳ ಆಗ್ತಿದ್ದದ್ದು ಅಲ್ಲೇ. ಆರೂವರೆಯಿಂದ ಎಂಟೂವರೆ ಒಳಗೆ ಆಗಬೇಕಾದ ಕೆಲಸ ಹದಿನಾಲ್ಕು. ನನ್ನ ಹೆಸರಿನ ಮುಂದೆ ಹನ್ನೊಂದು, ಅವನ ಹೆಸರಿನ ಮುಂದೆ ಮೂರು. ಆ ಮೂರರಲ್ಲಿ ಒಂದು ಸ್ಕೂಟರ್ ಹೊರಗೆ ತೆಗೆಯೋದು! ಇವನು ಪಟ್ಟಿ ನೋಡಿ, “ಇದು ಅನ್ಯಾಯ ಮಾರಾಯ್ತಿ, ನೀನು ಹೇಳಬೇಕಿತ್ತು” ಅಂದ. ನಾಲ್ಕು ವರ್ಷದಿಂದ ಹೇಳ್ತಾನೇ ಇದ್ದೆ. ಆದರೆ ನಾನು ಹೇಳ್ತಿದ್ದದ್ದು ‘ನೀನು ಏನೂ ಮಾಡಲ್ಲ’ ಅಂತ. ಅದು ಅವನ ಕಿವಿಗೆ ಬೀಳ್ತಿದ್ದದ್ದು ‘ನೀನು ಸರಿ ಇಲ್ಲ’ ಅಂತ. ಹದಿನಾಲ್ಕು ಕೆಲಸ ಅಂತ ಯಾರೂ ಎಣಿಸಿರಲಿಲ್ಲ.

ಪಟ್ಟಿಯನ್ನ ಏಳೇಳು ಮಾಡಿಕೊಂಡೆವು. ತಿಂಡಿ ನನ್ನದು, ಎರಡೂ ಡಬ್ಬ ಕಟ್ಟೋದು ಅವನದು. ತರಕಾರಿ ಹಿಂದಿನ ರಾತ್ರಿಯೇ ಹೆಚ್ಚಿಟ್ಟು ಫ್ರಿಜ್‌ಗೆ. ಇರೋದು ಒಂದೇ ಬಾತ್‌ರೂಮ್, ಆದ್ದರಿಂದ ಗೀಸರ್ ಆರಕ್ಕೆ ಹಾಕಿ ಅವನ ಸ್ನಾನ ಮೊದಲು. ಮೊದಲ ವಾರ ಅವನು ಡಬ್ಬದ ಮುಚ್ಚಳ ಹುಡುಕೋದರಲ್ಲೇ ಹತ್ತು ನಿಮಿಷ ಕಳೀತಿದ್ದ. ಎರಡನೇ ವಾರ ಸರಿಹೋಯ್ತು. ನಂಬ್ತೀರೋ ಇಲ್ವೋ, ಬೆಳಗಿನ ಜಗಳ ನಿಂತೇ ಹೋಯ್ತು. ನಾಲ್ಕು ವರ್ಷ ‘ನಿನ್ನ ಸ್ವಭಾವವೇ ಹೀಗೆ’ ಅಂತ ಒಬ್ಬರಿಗೊಬ್ಬರು ಹೇಳಿಕೊಂಡಿದ್ದ ಜಗಳ, ಎರಡು ವಾರದಲ್ಲಿ ಮುಗೀತು. ಅಂದ್ರೆ ಅದು ಸ್ವಭಾವದ್ದು ಆಗಿರಲೇ ಇಲ್ಲ. ಕೆಲಸ ಹಂಚಿಕೊಳ್ಳದ್ದಕ್ಕೆ ಸ್ವಭಾವ ಅಂತ ಹೆಸರಿಟ್ಟಿದ್ದೆವು.

ಬಗೆಹರಿಯೋ ಜಗಳದ ಗುರುತು ಇದೇ. ಅದಕ್ಕೆ ಒಂದು ಜಾಗ ಇರುತ್ತೆ, ಒಂದು ಹೊತ್ತು ಇರುತ್ತೆ. ‘ಬೆಳಗ್ಗೆ ಏಳೂವರೆಗೆ ಅಡುಗೆಮನೆಯಲ್ಲಿ’ ಅಂತ ಬೆರಳಿಟ್ಟು ತೋರಿಸಬಹುದು. ವ್ಯವಸ್ಥೆ ಬದಲಾಯಿಸಿದರೆ ಅದು ಹೋಗುತ್ತೆ, ಹೋಗಿ ಬೇರೆ ಕಡೆ ತಲೆ ಎತ್ತಲ್ಲ.

ಇನ್ನು ಉಳಿದದ್ದರ ಕಥೆ ಕೇಳಿ.

ಬೆಳಗಿನ ಜಗಳ ಹೋದ ಖುಷಿಯಲ್ಲಿ ನಾವು ಒಂದು ಭಾನುವಾರ ನನ್ನ ಗೆಳತಿಯ ಮನೆಗೆ ಊಟಕ್ಕೆ ಹೊರಟೆವು. ಕೆಲಸ ಏನೂ ಇರಲಿಲ್ಲ, ಪ್ಯಾಕಿಂಗ್ ಇರಲಿಲ್ಲ. ಒಂದು ಗಂಟೆಗೆ ಬನ್ನಿ ಅಂದಿದ್ದಳು. ಇವನು ಹನ್ನೆರಡಕ್ಕೆ ಶೂ ಹಾಕಿ ಕೂತ. ನಾನು ಪುಸ್ತಕ ಓದ್ತಿದ್ದೆ. ಹನ್ನೆರಡೂಕಾಲಿಗೆ ಅವನ ಕಾಲು ಅಲ್ಲಾಡೋಕೆ ಶುರುವಾಯ್ತು. ಹನ್ನೆರಡೂವರೆಗೆ ಕೀ ಸದ್ದು. ನನಗೆ ಹೊಟ್ಟೆಯೊಳಗಿಂದ ಸಿಟ್ಟು ಬಂತು. ಬೇಕಂತಲೇ ಇನ್ನೆರಡು ಪುಟ ಓದಿದೆ. ದಾರಿಯುದ್ದಕ್ಕೂ ಮಾತಿಲ್ಲ.

ಅದಾದ ಮೇಲೆ ಗಮನಿಸಿದೆ. ಸಿನಿಮಾ, ಮದುವೆ ಮನೆ, ಡಾಕ್ಟರ್ ಹತ್ತಿರ, ಕರೆಂಟ್ ಬಿಲ್ ಕಟ್ಟೋದು, ಊರಿಗೆ ಟಿಕೆಟ್ ಬುಕ್ ಮಾಡೋದು. ವಿಷಯ ಬೇರೆ ಬೇರೆ, ಜಗಳ ಮಾತ್ರ ಒಂದೇ. ಪ್ರತಿ ಸಲವೂ ಅವನಿಗೆ ‘ಏನೋ ಕೈ ತಪ್ಪಿ ಹೋಗ್ತಿದೆ’ ಅನ್ನೋ ಭಯ, ನನಗೆ ‘ಯಾರೋ ಬೆನ್ನಟ್ಟುತ್ತಿದ್ದಾರೆ’ ಅನ್ನೋ ಉಸಿರುಗಟ್ಟು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತಲೆ ಎತ್ತುತ್ತೆ. ಇನ್ನೂ ಒಂದು ಗುರುತು: ಈ ಜಗಳ ನಾವಿಬ್ಬರೂ ಸಿಗುವ ಮೊದಲೇ ನಮ್ಮಲ್ಲಿತ್ತು. ಅವನು ಹಾಸ್ಟೆಲ್ ರೂಮ್‌ಮೇಟ್ ಜೊತೆಗೂ ಇದೇ ವಿಷಯಕ್ಕೆ ಕಿತ್ತಾಡಿದ್ದ. ನಾನು ನನ್ನ ಅಕ್ಕನ ಜೊತೆ.

ಕೌನ್ಸೆಲರ್ ಆಗ ಅಮೆರಿಕದ ಜಾನ್ ಗಾಟ್‌ಮನ್ ಅನ್ನೋ ಮನಶ್ಶಾಸ್ತ್ರಜ್ಞರ ವಿಷಯ ಹೇಳಿದರು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅವರು ಗಂಡ ಹೆಂಡತಿಯರನ್ನ ಕೂರಿಸಿ, ಜಗಳದ ವಿಷಯ ಮಾತಾಡಿಸಿ, ಅದನ್ನ ವಿಡಿಯೊ ಮಾಡಿ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಕೆಲವರನ್ನ ನಾಲ್ಕು ವರ್ಷ ಬಿಟ್ಟು ಮತ್ತೆ ಕರೆಸಿದಾಗ, ಬಟ್ಟೆ, ಹೇರ್‌ಸ್ಟೈಲ್ ಬದಲಾಗಿತ್ತಂತೆ, ಜಗಳ ಅದೇ ಇತ್ತಂತೆ. ಅವರ ಲೆಕ್ಕದಲ್ಲಿ ದಂಪತಿಗಳ ಜಗಳದಲ್ಲಿ ಶೇ 69ರಷ್ಟು ಈ ಜಾತಿಯವು, ಯಾವತ್ತೂ ಪೂರ್ತಿ ಬಗೆಹರಿಯದವು. ಸುಖವಾಗಿರೋ ಜೋಡಿಗಳಿಗೂ ಇವು ಇರುತ್ತವೆ. ಆ ಲೆಕ್ಕ ಅಲ್ಲಿನ ಜೋಡಿಗಳದ್ದು, ಅತ್ತೆ ಮಾವ ನಾದಿನಿ ಎಲ್ಲ ಇರೋ ನಮ್ಮ ಮನೆಗಳಿಗೆ ಆ ಸಂಖ್ಯೆಯನ್ನ ಹಾಗೇ ತಂದು ಅಂಟಿಸೋಕಾಗಲ್ಲ. ಆದರೆ ನನಗೆ ಬೇಕಿದ್ದದ್ದು ಸಂಖ್ಯೆ ಅಲ್ಲ. ‘ಜಗಳ ಮುಗೀತಿಲ್ಲ ಅಂದ್ರೆ ಮದುವೆ ಮುರೀತಿದೆ’ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ ಅಂತ ಗೊತ್ತಾದದ್ದೇ ದೊಡ್ಡ ಸಮಾಧಾನ. ಬೇರೆಯವನನ್ನ ಮದುವೆ ಆಗಿದ್ದರೆ ಈ ಜಗಳ ಇರ್ತಿರಲಿಲ್ಲವೇನೋ. ಅದರ ಜಾಗದಲ್ಲಿ ಇನ್ನೊಂದು ಇರ್ತಿತ್ತು.

ಹಾಗಾದರೆ ಏನು ಮಾಡೋದು? “ಯಾರು ಸರಿ ಅಂತ ವಾದ ಮಾಡೋದು ಬಿಡಿ. ನಿಮಗೆ ಇದು ಯಾಕೆ ಇಷ್ಟು ಮುಖ್ಯ ಅಂತ ಇನ್ನೊಬ್ಬರಿಗೆ ಹೇಳಿ. ಒಬ್ಬರು ಹೇಳುವಾಗ ಇನ್ನೊಬ್ಬರು ಬರೀ ಕೇಳಬೇಕು, ಉತ್ತರ ಕೊಡಬಾರದು” ಅಂದರು ಮೇಡಂ. ಒಂದು ಶನಿವಾರ ರಾತ್ರಿ ಬಾಲ್ಕನಿಯಲ್ಲಿ ಕೂತೆವು.

ಅವನ ಊರಿಗೆ ಆಗ ದಿನಕ್ಕೆ ಒಂದೇ ಬಸ್. ಬೆಳಗ್ಗೆ ಆರೂಮುಕ್ಕಾಲಿಗೆ. ಮನೆಯಿಂದ ಬಸ್ ನಿಲ್ಲೋ ಜಾಗಕ್ಕೆ ತೋಟ, ಗದ್ದೆ ದಾಟಿ ಎರಡು ಕಿಲೋಮೀಟರ್. ತಪ್ಪಿದರೆ ಆ ದಿನ ಹೋಯ್ತು. ಪಿಯುಸಿ ಪ್ರಿಪರೇಟರಿ ಪರೀಕ್ಷೆಯ ದಿನ ಮಳೆಗೆ ಸಂಕ ಮುಳುಗಿ, ಸುತ್ತು ಹಾಕಿ ಬರುವಷ್ಟರಲ್ಲಿ ಬಸ್ ಹೋಗಿತ್ತಂತೆ. ನಮ್ಮ ಮಾವ ಮಗನನ್ನ ಕರೆದುಕೊಂಡು, ಸಿಕ್ಕಿದ ಅಡಿಕೆ ಲಾರಿಗೆ ಕೈ ಅಡ್ಡ ಹಾಕಿ, ಡ್ರೈವರ್ ಕಾಲು ಹಿಡಿಯೋದೊಂದು ಬಾಕಿ. “ಅಪ್ಪ ಯಾರ ಮುಂದೂ ಕೈ ಚಾಚಿದವರಲ್ಲ ಕಣೇ. ನನ್ನ ದೆಸೆಯಿಂದ ಅವತ್ತು ಚಾಚಿದ್ರು” ಅಂದ. ಅದೇ ಅಪ್ಪನ ಕಾರ್ಯಕ್ಕೆ ಹೋಗೋ ರೈಲು ನಮ್ಮ ಕಣ್ಣೆದುರು ಹೋಗಿತ್ತು. ನಾಲ್ಕು ವರ್ಷದಲ್ಲಿ ಇದನ್ನ ಅವನು ನನಗೆ ಹೇಳಿರಲಿಲ್ಲ.

ನನ್ನ ಸರದಿ. ಮೈಸೂರಿನಲ್ಲಿ ನಮ್ಮಪ್ಪ ಮೇಷ್ಟ್ರು. ಮನೆಯಲ್ಲೂ ಗಂಟೆ ಬಾರಿಸದ ಸ್ಕೂಲೇ. ಐದಕ್ಕೆ ಏಳಬೇಕು, ಏಳೂವರೆಗೆ ತಟ್ಟೆ ಮುಂದೆ ಇರಬೇಕು. ಹೊರಡುವ ದಿನ ಅಪ್ಪ ಬಾಗಿಲಲ್ಲಿ ನಿಂತು “ಟೈಮ್ ಆಯ್ತು, ಟೈಮ್ ಆಯ್ತು” ಅಂತ ಕೂಗ್ತಿದ್ದರು. ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡು ಅತ್ತಿತ್ತ ಓಡ್ತಿದ್ದಳು, ಒಂದು ಸಲ ಕೈಗೆ ಎಣ್ಣೆ ಚೆಲ್ಲಿಕೊಂಡಳು. ಆ ಗುರುತು ಇನ್ನೂ ಇದೆ. ನನ್ನದೇ ಮನೆ ಅಂತ ಆದ ಮೇಲೆ ಬಾಗಿಲಲ್ಲಿ ಹಾಗೆ ಯಾರೂ ನಿಲ್ಲಬಾರದು ಅಂತ ನಾನು ಚಿಕ್ಕವಳಿದ್ದಾಗಲೇ ಅಂದುಕೊಂಡಿದ್ದೆ. ಇವನು ಕೀ ಹಿಡಿದು ನಿಂತಾಗ ನನಗೆ ಕಾಣ್ತಿದ್ದದ್ದು ಇವನಲ್ಲ, ಅಪ್ಪ.

ಅವತ್ತು ಜಗಳ ಬಗೆಹರಿಯಲಿಲ್ಲ. ಆದರೆ ಅವನು ನನ್ನನ್ನ ಹಿಂಸೆ ಮಾಡೋಕೆ ಬೇಗ ಹೊರಡಿಸ್ತಿಲ್ಲ, ನಾನು ಅವನನ್ನ ಕಡೆಗಣಿಸೋಕೆ ತಡ ಮಾಡ್ತಿಲ್ಲ ಅನ್ನೋದು ಇಬ್ಬರಿಗೂ ಗೊತ್ತಾಯ್ತು.

ಆಮೇಲಿನ ಕೆಲಸಕ್ಕೆ ಒಂದು ಕಾಗದ ಸಾಕು. ಅದರಲ್ಲಿ ಒಂದು ದೊಡ್ಡ ವೃತ್ತ, ಒಳಗೆ ಒಂದು ಚಿಕ್ಕ ವೃತ್ತ. ಇದೂ ಗಾಟ್‌ಮನ್ ವಿಧಾನವೇ. ಒಳಗಿನದರಲ್ಲಿ ‘ಇದನ್ನ ನಾನು ಬಿಡಲಾರೆ’ ಅನ್ನುವಂಥದ್ದು, ಹೊರಗಿನದರಲ್ಲಿ ‘ಇಲ್ಲಿ ಬಗ್ಗಬಲ್ಲೆ’ ಅನ್ನುವಂಥದ್ದು. ಮೊದಲ ಸಲ ಅವನು ಒಳಗೆ ‘ಎಲ್ಲಾ ಅಪಾಯಿಂಟ್‌ಮೆಂಟ್’ ಅಂತ ಬರೆದ, ನಾನು ‘ನನಗೆ ಯಾರೂ ಟೈಮ್ ಹೇಳಬಾರದು’ ಅಂತ ಬರೆದೆ. ಅಲ್ಲಿಗೆ ಹೊರಗಿನ ವೃತ್ತದಲ್ಲಿ ಬರೆಯೋಕೆ ಏನೂ ಉಳಿಯಲಿಲ್ಲ! ಕಾಗದ ಹರಿದು ಮತ್ತೆ ಬರೆದೆವು. ಒಳಗಿನದ್ದು ಆದಷ್ಟು ಚಿಕ್ಕದಿರಬೇಕು, ಇಲ್ಲಾಂದ್ರೆ ಈ ಲೆಕ್ಕ ನಡೆಯಲ್ಲ.

ಎರಡನೇ ಸಲ ಅವನ ಒಳಗೆ ಉಳಿದದ್ದು ಮೂರು: ರೈಲು ಅಥವಾ ಬಸ್ಸು, ಆಸ್ಪತ್ರೆ, ಊರಿನ ಮನೆಯ ಕಾರ್ಯ. ಕಾಯದೇ ಹೊರಟುಹೋಗುವಂಥವು. ನನ್ನ ಒಳಗೆ ಉಳಿದದ್ದು ಎರಡು: ಬಾಗಿಲಲ್ಲಿ ಕೀ ಹಿಡಿದು ನಿಲ್ಲಬಾರದು, ಭಾನುವಾರ ಬೆಳಗ್ಗೆ ಹನ್ನೊಂದರ ತನಕ ಗಡಿಯಾರ ಇಲ್ಲ. ಮದುವೆ, ಊಟ, ಸಿನಿಮಾ, ಎಲ್ಲ ಹೊರಗೆ ಬಂದವು.

ಹಾಗಾಗಿ ಈಗ ರೈಲಿಗೆ ಅವನ ಗಡಿಯಾರ. ಎಷ್ಟು ಹೊತ್ತಿಗೆ ಹೊರಡಬೇಕು ಅಂತ ಹಿಂದಿನ ದಿನವೇ ಹೇಳ್ತಾನೆ, ನಾನು ಚೌಕಾಸಿ ಮಾಡಲ್ಲ. ಹೊರಡುವ ದಿನದ ಕೆಲಸದ ಪಟ್ಟಿ ಇಬ್ಬರದ್ದೂ. ಮದುವೆ ಮನೆಗಳಿಗೆ ಬೇರೆ ಬೇರೆ ಹೋಗ್ತೀವಿ. ಅವನು ಹೋಗಿ ತಿಂಡಿ ಪಂಕ್ತಿಯಲ್ಲಿ ಕೂತಿರ್ತಾನೆ, ನಾನು ಮುಹೂರ್ತದ ಹೊತ್ತಿಗೆ ಆಟೊದಲ್ಲಿ ಬರ್ತೀನಿ. ಮೊದಮೊದಲು ನೆಂಟರು “ಜಗಳ ಆಡಿದ್ರಾ?” ಅಂತ ಕೇಳ್ತಿದ್ದರು. ಆಟೊ ದುಡ್ಡು ಎರಡೆರಡು ಸಲ ಕೊಡಬೇಕು, ಅದೂ ನಿಜ. ನಮ್ಮ ನೆಮ್ಮದಿಗೆ ಅದು ದುಬಾರಿ ಅನ್ನಿಸಿಲ್ಲ.

ತಪ್ಪು ಮಾಡಿದ್ದೂ ಇದೆ. ಒಂದು ಸಲ ಇವನು ಉಪಾಯ ಮಾಡಿ, ಬಸ್ ಟೈಮ್ ನನಗೆ ಮುಕ್ಕಾಲು ಗಂಟೆ ಮೊದಲಿನದ್ದು ಹೇಳಿದ. ಬಸ್ ಸಿಕ್ಕಿತು, ಜಗಳ ಇಲ್ಲ. ಎರಡನೇ ಸಲವೂ ಹಾಗೇ ಮಾಡಿದ. ಮೂರನೇ ಸಲ ನನ್ನ ಮೊಬೈಲ್‌ಗೇ ಟಿಕೆಟ್ ಮೆಸೇಜ್ ಬಂತು. ಆಮೇಲೆ ಅವನು ಯಾವ ಟೈಮ್ ಹೇಳಿದರೂ ಮನಸ್ಸಲ್ಲೇ ಮುಕ್ಕಾಲು ಗಂಟೆ ಕೂಡಿಸೋಕೆ ಶುರುಮಾಡಿದೆ. ಮೋಸದಿಂದ ಕಟ್ಟಿದ ವ್ಯವಸ್ಥೆ ಎರಡೇ ಪ್ರಯಾಣಕ್ಕೆ ಮುಗೀತು. ನಾನೂ ಕಡಿಮೆಯಲ್ಲ. ಸಿಟ್ಟು ಬಂದಾಗ ‘ನಿಮ್ಮೂರಿನ ಬಸ್ಸು’ ಅಂತ ಚುಚ್ಚಿದ್ದೆ. ನಂಬಿ ಹೇಳಿಕೊಂಡ ಗುಟ್ಟನ್ನ ಜಗಳದಲ್ಲಿ ಬಳಸಿದರೆ, ಮುಂದೆ ಅವರು ಬಾಯಿ ಬಿಡಲ್ಲ. ಅದಕ್ಕೆ ಕ್ಷಮೆ ಕೇಳೋಕೆ ನನಗೆ ನಾಲ್ಕು ದಿನ ಬೇಕಾಯ್ತು.

ಇದನ್ನ ಓದೋರಿಗೆ ಒಂದು ಮಾತು ಹೇಳಲೇಬೇಕು. ‘ಅವನ ಸ್ವಭಾವ, ಹೊಂದಿಕೊಂಡು ಹೋಗಮ್ಮ’ ಅನ್ನೋ ಮಾತು ನಮ್ಮಲ್ಲಿ ಹೆಣ್ಣುಮಕ್ಕಳಿಗೆ ತುಂಬ ಸುಲಭವಾಗಿ ಸಿಗುತ್ತೆ. ಕೈ ಮಾಡೋದು, ಎಲ್ಲರೆದುರು ಹೀಯಾಳಿಸೋದು, ಸಂಬಳದ ಕಾರ್ಡ್ ಕಿತ್ತಿಟ್ಟುಕೊಳ್ಳೋದು, ಯಾರ ಜೊತೆ ಮಾತಾಡಬೇಕು ಅಂತ ಕಾವಲು ಕಾಯೋದು, ಇವು ಸ್ವಭಾವದ ವ್ಯತ್ಯಾಸ ಅಲ್ಲ. ಇವಕ್ಕೆ ವೃತ್ತ ಬರೆಯೋಕೆ ಕೂರಬೇಡಿ, ಸಹಾಯ ಕೇಳಿ. ಹಾಗೇ ‘ನಂಗೆ ಅಡುಗೆಮನೆ ಕೆಲಸ ಆಗಿಬರಲ್ಲ’ ಅನ್ನೋದೂ ಸ್ವಭಾವ ಅಲ್ಲ. ಅದು ಪಟ್ಟಿ ಮಾಡಿ ಹಂಚಿದರೆ ಹೋಗೋ ಜಗಳ. ನಮ್ಮ ಮನೆಯಲ್ಲಿ ಪಟ್ಟಿ ಮಾಡದೆ ಸೀದಾ ‘ಸ್ವಭಾವ’ಕ್ಕೆ ಹೋಗಿದ್ದರೆ, ನಾನು ಇವತ್ತಿಗೂ ಹನ್ನೊಂದು ಕೆಲಸ ಮಾಡಿಕೊಂಡು, ತಡ ಆಗಿದ್ದಕ್ಕೆ ಕ್ಷಮೆಯನ್ನೂ ಕೇಳ್ತಿದ್ದೆ.

ಮಾವ ಹೋಗಿ ಈಗ ನಾಲ್ಕನೇ ವರ್ಷ. ಈ ಸಲದ ತಿಥಿಗೆ ಹೊರಟ ದಿನ ಎಂಟೂಮುಕ್ಕಾಲಿಗೆ ಮನೆಗೆ ಬೀಗ ಹಾಕಿದೆವು. ಫ್ರಿಜ್ ಅವನೇ ಖಾಲಿ ಮಾಡಿದ್ದ. ಸಾರಿನ ಪಾತ್ರೆ ತೊಳೆಯದೆ ಸಿಂಕ್‌ನಲ್ಲಿಟ್ಟಿದ್ದ, ಇರಲಿ. ಸ್ಟೇಷನ್‌ನಲ್ಲಿ ಒಂದೂವರೆ ಗಂಟೆ ಕಾಯಬೇಕಿತ್ತು. ನನಗೆ ಕಾಯೋದು ಅಂದ್ರೆ ಈಗಲೂ ಆಗಲ್ಲ. ಮೊದಲ ಅರ್ಧ ಗಂಟೆ ಮುಖ ಗಂಟು ಹಾಕಿಕೊಂಡೇ ಕೂತಿದ್ದೆ. ಅವನು ಹೋಗಿ ಎರಡು ಕಾಫಿ ತಂದ.

“ಹಳಿ ಖಾಲಿ ಇದೆ ನೋಡು, ಎಷ್ಟು ಚೆನ್ನಾಗಿದೆ” ಅಂದ.

“ಖಾಲಿ ಹಳಿ ನೋಡೋಕೆ ದುಡ್ಡು ಕೊಟ್ಟು ಬಂದಿದ್ದೀವಿ ಕಣೋ” ಅಂದೆ.

ನಕ್ಕ. ನಾನು ಬ್ಯಾಗಿನಿಂದ ಪುಸ್ತಕ ತೆಗೆದೆ. ಇನ್ನೂ ಒಂದು ಗಂಟೆ ಇತ್ತು.